ನೋವು ಹೋಯ್ತು ಅಂದ್ರೆ ಕಾಲು ವಾಸಿಯಾಯ್ತು ಅಂತಲ್ಲ ಕಣ್ರೀ

ನಮ್ ಬಾಣಾವರದ ಕಡೆ ಕಾಲು ಉಳುಕಿದ್ರೆ ಎಲ್ರೂ ಕೇಳೋದು ಒಂದೇ ಮಾತು, ‘ನೋವು ಹೋಯ್ತಾ?’ ಅಂತ. ಹೋಯ್ತು ಅಂದ್ರೆ ಅಲ್ಲಿಗೆ ಮುಗೀತು, ನಾಳೆಯಿಂದ ಆಟಕ್ಕೆ ಹೋಗ್ಬೋದು ಅಂತ ಲೆಕ್ಕ. ಆದ್ರೆ ಒಂದ್ಸಲ ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕೋದು ಯಾಕೆ ಅಂತ ಯಾರೂ ಕೇಳಲ್ಲ. ನಮ್ಮನೇಲಿ ಏಳು ವಾರ ಇದೇ ವಿಷಯ ನಡೀತು, ಅದನ್ನೇ ಬರೀತಿದೀನಿ.

ನನ್ ಮಗಳು ಮೊದಲ ಪಿಯುಸಿ, ಖೊಖೊ ಆಡ್ತಾಳೆ. ಅಟ್ಟಿಸ್ಕಂಡು ಓಡ್ತಾ ಕಂಬದ ಹತ್ರ ತಿರುಗೋವಾಗ ಎಡಪಾದ ಒಳಕ್ಕೆ ಮಗುಚ್ಕೊಂತು. ಗೆಣ್ಣಿನ ಹೊರಗಡೆ ಕೋಳಿಮೊಟ್ಟೆ ಹಂಗೆ ಊತ. ಮೊದ್ಲು ನೋಡ್ಬೇಕಾದ್ದು ಮೂಳೆ. ನಾಲ್ಕು ಹೆಜ್ಜೆ ಊರಿ ನಡೆಯಕ್ಕೆ ಆಗ್ದೇ ಇದ್ರೆ, ಇಲ್ಲಾ ಗೆಣ್ಣಿನ ಮೂಳೆ ತುದೀಲಿ, ಅದರ ಹಿಂದಿನ ಅಂಚಲ್ಲಿ ಬೆರಳಿಟ್ರೆ ಜೋರು ನೋವಾದ್ರೆ, ಎಕ್ಸ್‌ರೇ ತೆಗೆಸ್ಬೇಕು. ಪಾದದ ಹೊರ ಅಂಚಿನ ನಡುವೆ ಎದ್ದಿರೋ ಮೂಳೆ ಮುಟ್ಟಿದ್ರೆ ನೋವಾದ್ರೂ ಅಷ್ಟೇ. ನಮ್ಮವಳು ಕುಂಟ್ಕಂಡಾದ್ರೂ ನಡೆದ್ಳು, ನೋವಿದ್ದಿದ್ದು ಮೂಳೆ ಮುಂದಿನ ಮೆತ್ತನೆ ಜಾಗದಲ್ಲಿ. ಅಲ್ಲಿರೋ ಲಿಗಮೆಂಟೇ, ಅಂದ್ರೆ ಮೂಳೆಗೂ ಮೂಳೆಗೂ ಕಟ್ಟಿರೋ ಪಟ್ಟಿನೇ, ಇಂಥ ಉಳುಕಲ್ಲಿ ಮೊದ್ಲು ಹರಿಯೋದು.

ಊರಲ್ಲಿ ಒಬ್ರು ಬಿಸಿ ಎಣ್ಣೆ ಹಾಕಿ ಎಳ್ದು ತಿಕ್ತೀನಿ ಅಂದ್ರು, ಬ್ಯಾಡ ಅಂದೆ. ಆಗಷ್ಟೇ ಹರಿದಿರೋ ಜಾಗವನ್ನ ಎಳೆದ್ರೆ ಊತ ಏರುತ್ತೆ. ಎರಡು ಮೂರು ದಿನ ತಣ್ಣೀರು ಬಟ್ಟೆ ಹಾಕಿ, ಕಾಲು ದಿಂಬಿನ ಮೇಲೆ ಎತ್ತಿಟ್ಟು, ಬಟ್ಟೆ ಪಟ್ಟಿ ಸುತ್ತಿದ್ವಿ. ಜೊತೆಗೆ ಅರಸೀಕೆರೆಯ ಫಿಸಿಯೋ ಮೇಡಂ ಹೇಳಿದ ಹಾಗೆ, ಮಂಚದ ಮೇಲೆ ಕೂತು ಹೆಬ್ಬೆರಳಲ್ಲಿ ಗಾಳೀಲಿ ಅ ಆ ಇ ಈ ಬರೆಯೋದು. ಒಂದ್ಸಲ ಪೂರ್ತಿ ವರ್ಣಮಾಲೆ ಬರೆಯೋಷ್ಟ್ರಲ್ಲಿ ಗೆಣ್ಣು ಎಲ್ಲಾ ದಿಕ್ಕಿಗೂ ತಿರುಗಿರುತ್ತೆ.

ಹನ್ನೆರಡನೇ ದಿನ ಕುಂಟದೆ ನಡೆದ್ಳು. ಊತ ಕಮ್ಮಿ, ನೋವಿಲ್ಲ. ‘ಅಮ್ಮ, ಮುಂದಿನ ವಾರ ತಾಲ್ಲೂಕು ತಂಡಕ್ಕೆ ಆಯ್ಕೆ ಐತೆ, ಹೋಗ್ತೀನಿ’ ಅಂತ ಹಠ. ಮೇಡಂ ಇಲ್ಲ ಅನ್ಲಿಲ್ಲ, ಒಂದು ಪರೀಕ್ಷೆ ಮಾಡಿದ್ರು ಅಷ್ಟೇ. ಬರಿಗಾಲಲ್ಲಿ ಒಂಟಿಕಾಲ ಮೇಲೆ ನಿಂತು ಕಣ್ಣು ಮುಚ್ಕೋ ಅಂದ್ರು. ಬಲಗಾಲಲ್ಲಿ ಇಪ್ಪತ್ತೈದು ಸೆಕೆಂಡ್ ನಿಂತ್ಲು, ಎಡಗಾಲಲ್ಲಿ ಆರಕ್ಕೆ ವಾಲಿ ಗೋಡೆ ಹಿಡ್ಕಂಡ್ಳು. ಅವ್ಳೇ ಸುಮ್ನಾದ್ಲು.

ಯಾಕೆ ಹಿಂಗೆ ಅಂದ್ರೆ, ಲಿಗಮೆಂಟಲ್ಲಿ ಬರೀ ಕಟ್ಟೋ ನಾರು ಅಲ್ಲ, ‘ಪಾದ ಇಷ್ಟು ವಾಲ್ತಾ ಐತೆ’ ಅಂತ ಸುದ್ದಿ ಕಳಿಸೋ ನರದ ತುದಿಗಳೂ ಇರ್ತವೆ. ಹರಿದಾಗ ಅವೂ ಏಟು ತಿಂತವೆ. ಜೊತೆಗೆ ಮೊಣಕಾಲ ಕೆಳಗಡೆ ಹೊರಮಗ್ಗುಲಲ್ಲಿ ಇರೋ ಸ್ನಾಯು ಪಾದವನ್ನ ಹೊರಕ್ಕೆ ಎಳ್ದು ಮಗುಚದಂಗೆ ಹಿಡೀಬೇಕು, ಅದು ಸೊರಗಿರುತ್ತೆ. ನೋವು ಎರಡು ವಾರಕ್ಕೆ ಹೋದ್ರೂ ಇವೆರಡೂ ತಾವಾಗೇ ಬೇಗ ಬರಲ್ಲ.

ಹಂಗಾಗಿ ಬಲಕ್ಕೆ ಎರಡೇ ವ್ಯಾಯಾಮ ಕೊಟ್ರು. ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಕುಯ್ದು, ಒಂದು ತುದಿ ಮಂಚದ ಕಾಲಿಗೆ ಕಟ್ಟಿ, ಇನ್ನೊಂದು ತುದಿ ಪಾದದ ಮುಂಭಾಗಕ್ಕೆ ಸಿಕ್ಕಿಸಿ, ಹಿಮ್ಮಡಿ ನೆಲದ ಮೇಲೇ ಇಟ್ಕಂಡು ಪಾದ ಹೊರಕ್ಕೆ ಎಳೆಯೋದು. ವಾಪಸ್ ಬರೋವಾಗ ನಿಧಾನ, ಮೂರು ಎಣಿಸ್ಕಂಡು. ಹದಿನೈದು ಸಲ, ಮೂರು ಸುತ್ತು. ಮೊಣಕಾಲು ತಿರುಗ್ತಿದ್ರೆ ತೊಡೆ ಕೆಲಸ ಮಾಡ್ತಿದೆ, ಗೆಣ್ಣಲ್ಲ ಅಂತ ತಿಳ್ಕೋಬೇಕು. ಎರಡನೇದು ಗೋಡೆಗೆ ಬೆರಳು ತಾಗಿಸ್ಕಂಡು ಹಿಮ್ಮಡಿ ಎತ್ತಿ ಇಳಿಸೋದು. ಮೊದ್ಲು ಎರಡೂ ಕಾಲಲ್ಲಿ, ಆಮೇಲೆ ಒಂಟಿಕಾಲಲ್ಲಿ. ಮೂರನೇ ವಾರ ಬಲಗಾಲಲ್ಲಿ ಇಪ್ಪತ್ನಾಲ್ಕು, ಎಡಗಾಲಲ್ಲಿ ಒಂಬತ್ತು. ಐದನೇ ವಾರಕ್ಕೆ ಎಡದ್ದು ಇಪ್ಪತ್ತೊಂದಾಯ್ತು.

ತೂಕ ಹಿಡಿದು ನಿಲ್ಲೋ ಅಭ್ಯಾಸಕ್ಕೆ ಬೇರೆ ಹೊತ್ತೇ ಬೇಡ. ಹಲ್ಲುಜ್ಜೋವಾಗ ಎಡಗಾಲ ಮೇಲೆ ನಿಲ್ಲೋದು, ಪಕ್ಕದಲ್ಲಿ ಗೋಡೆ ಇರ್ಲಿ. ಮೂವತ್ತು ಸೆಕೆಂಡ್ ಅಲ್ಲಾಡದೆ ನಿಂತ್ರೆ ಕಣ್ಣು ಮುಚ್ಚಿ. ಅದೂ ಬಂದ್ರೆ ಕಂಬಳಿ ನಾಲ್ಕು ಮಡಿಕೆ ಮಾಡಿ ಅದರ ಮೇಲೆ. ಆಮೇಲೆ ಅವ್ಳ ತಮ್ಮ ಚೆಂಡು ಎಸೆಯೋನು, ಇವ್ಳು ಒಂಟಿಕಾಲಲ್ಲಿ ಹಿಡಿಯೋಳು. ಗಮನ ಚೆಂಡಿನ ಮೇಲಿದ್ದಾಗ್ಲೂ ಪಾದ ತನ್ನಷ್ಟಕ್ಕೆ ತಾನು ಸರಿಮಾಡ್ಕಬೇಕು, ಆಟದಲ್ಲಿ ಆಗೋದೇ ಅದು.

ಹಾಲೆಂಡಲ್ಲಿ ಗೆಣ್ಣು ಉಳುಕಿದ್ದ 522 ಆಟಗಾರರ ಮೇಲೆ ಮಾಡಿದ ಅಧ್ಯಯನ 2009ರಲ್ಲಿ ಬಂತು. ಅರ್ಧ ಜನ ಮಾಮೂಲಿ ಆರೈಕೆ ಜೊತೆಗೆ ಎಂಟು ವಾರ ಮನೇಲೇ ಇಂಥ ಅಭ್ಯಾಸ ಮಾಡಿದ್ರು. ವರ್ಷದೊಳಗೆ ಮತ್ತೆ ಉಳುಕಿಸ್ಕೊಂಡೋರು ಅವ್ರಲ್ಲಿ ನೂರಕ್ಕೆ 22, ಮಾಡದೇ ಇದ್ದೋರಲ್ಲಿ 33. ಪೂರ್ತಿ ತಪ್ಪಿಸಲ್ಲ, ಆದ್ರೆ ಮೂರಲ್ಲಿ ಒಂದು ಪಾಲು ಕಮ್ಮಿ ಮಾಡುತ್ತೆ.

ಆಟಕ್ಕೆ ವಾಪಸ್ ಹೋಗೋದೂ ಮೆಟ್ಟಿಲು ಹತ್ತಿದಂಗೆ. ನಾಲ್ಕನೇ ವಾರ ಎರಡೂ ಕಾಲಲ್ಲಿ ಮೆತ್ತಗೆ ನೆಗೆತ, ಆಮೇಲೆ ಒಂಟಿಕಾಲಲ್ಲಿ. ಐದನೇ ವಾರ ಶಾಲೆ ಬಯಲಲ್ಲಿ ನೇರ ಓಟ. ತೆಂಗಿನ ತೋಟದ ಉಬ್ಬುತಗ್ಗಲ್ಲಿ ಓಡೋದು ಬ್ಯಾಡ ಅಂದಿದ್ರು. ನೇರ ಓಟ ಸಲೀಸಾದ್ಮೇಲೆ ದೊಡ್ಡದಾಗಿ ಎಂಟರ ಆಕಾರದಲ್ಲಿ ಓಟ, ಅದನ್ನ ದಿನಾ ಚಿಕ್ಕದು ಮಾಡ್ತಾ ಬರೋದು. ಆರನೇ ವಾರ ಕೂತಲ್ಲಿಂದ ದಡಕ್ಕನೆ ಎದ್ದು ಓಡೋದು, ಕಂಬದ ಹತ್ರ ತಿರುಗೋದು. ಮೊದ್ಲು ಅರ್ಧ ವೇಗದಲ್ಲಿ ಹತ್ತು ಸಲ, ಆಮೇಲೆ ಪೂರ್ತಿ ವೇಗದಲ್ಲಿ.

ಯಾವ ಮೆಟ್ಟಿಲು ಜಾಸ್ತಿ ಆಯ್ತು ಅಂತ ಹೇಳೋದು ಮಾರನೇ ಬೆಳಿಗ್ಗೆ. ಮಾಡೋವಾಗ ಸಣ್ಣಗೆ ಎಳೆದಂಗಾದ್ರೆ ಪರವಾಗಿಲ್ಲ. ಬೆಳಿಗ್ಗೆ ಎದ್ದಾಗ ಗೆಣ್ಣಿನ ಗುಳಿ ತುಂಬ್ಕಂಡು ಊದಿದ್ರೆ, ಮೊದಲ ಹೆಜ್ಜೆ ಕುಂಟಿದ್ರೆ, ಎರಡು ದಿನ ಒಂದು ಮೆಟ್ಟಿಲು ಕೆಳಗೆ ಇಳೀಬೇಕು. ಎಂಟರ ಓಟ ಶುರುವಾದ ಮಾರನೇ ದಿನ ಹಂಗೇ ಆಯ್ತು. ಎರಡು ದಿನ ನೇರ ಓಟ ಓಡಿ ಮತ್ತೆ ಹತ್ತಿದ್ಲು.

ಕೊನೇ ಪರೀಕ್ಷೆ ಅಂಗಳದಲ್ಲೇ. ಸೀಮೆಸುಣ್ಣದ ಗೆರೆಯಿಂದ ಒಂಟಿಕಾಲಲ್ಲಿ ಮುಂದಕ್ಕೆ ನೆಗೆದು ಅದೇ ಕಾಲಲ್ಲಿ ಅಲ್ಲಾಡದೆ ನಿಲ್ಲಬೇಕು. ನಾಲ್ಕನೇ ವಾರದ ಕೊನೆಗೆ ಬಲಗಾಲು 120 ಸೆಂಟಿಮೀಟರ್, ಎಡಗಾಲು 90, ಅಂದ್ರೆ ನೂರಕ್ಕೆ 75. ನೂರಕ್ಕೆ ತೊಂಬತ್ತಾದ್ರೂ ಆಗ್ಬೇಕು ಅಂದಿದ್ರು ಮೇಡಂ. ಆರನೇ ವಾರದ ಕೊನೆಗೆ ಎಡಗಾಲು 111 ಬಂತು. ಏಳನೇ ವಾರ ತಂಡದ ಜೊತೆ ಅಭ್ಯಾಸಕ್ಕೆ ಬಿಟ್ವಿ, ಮೊದಲ ಎರಡು ದಿನ ಹತ್ತು ಹತ್ತು ನಿಮಿಷ.

ತಾಲ್ಲೂಕಿನ ಆಯ್ಕೆ ತಪ್ಪಿಹೋಯ್ತು. ಅತ್ತಳು, ಸುಳ್ಳು ಹೇಳಲ್ಲ. ಆ ತಿಂಗಳಲ್ಲೇ ಅವ್ಳ ಗೆಳತಿ ಒಬ್ಳು ಹದಿನೈದೇ ದಿನಕ್ಕೆ ಆಟಕ್ಕೆ ಇಳಿದು ಅದೇ ಗೆಣ್ಣು ಮತ್ತೆ ಉಳುಕಿಸ್ಕಂಡ್ಳು, ಈಗ ಮೆಟ್ಟಿಲು ಇಳಿಯೋವಾಗ್ಲೂ ಪಾದ ಜಾರಿದಂಗೆ ಆಗುತ್ತಂತೆ. ಹಂಗೆ ಆರು ವಾರ ಕಳೆದ್ರೂ ಗೆಣ್ಣು ಕೈಕೊಡ್ತಾ ಇದ್ರೆ ಮನೆ ವ್ಯಾಯಾಮ ಒಂದೇ ಸಾಲದು, ಮೂಳೆ ಡಾಕ್ಟ್ರಿಗೆ ತೋರಿಸ್ಬೇಕು.

ಆಟ ಶುರುವಾದ್ಮೇಲೂ ಕಂಬಳಿ ಮೇಲೆ ನಿಲ್ಲೋದು ವಾರಕ್ಕೆ ಮೂರು ದಿನ ನಡೀತಾ ಐತೆ, ಪಂದ್ಯದ ದಿನ ಗೆಣ್ಣಿಗೆ ಪಟ್ಟಿನೂ ಹಾಕ್ಕಂತಾಳೆ. ನಿಮ್ಮನೇಲೂ ಉಳುಕಿದ ಕಾಲಿದ್ರೆ, ಆಟಕ್ಕೆ ಬಿಡೋ ಮುಂಚೆ ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಸಿ ನೋಡಿ. ಹೋಲಿಕೆಗೆ ಪಕ್ಕದಲ್ಲೇ ಇನ್ನೊಂದು ಕಾಲು ಐತಲ್ಲ.