ಕೆಂಪು ಗೆರೆ ಇಲ್ಲದ ತಪ್ಪುಗಳು

"ಹ್ವಾಯ್ ಮಾಷ್ಟ್ರೆ, ಒಂದ್ ಸಲ ಕಾಣಿ. ಕಂಪ್ಯೂಟರ್ ಎಲ್ಲೂ ಕೆಂಪು ಗೆರೆ ತೋರ್ಸ್ಲಿಲ್ಲ" ಎಂದು ನಮ್ಮೂರ ಯುವಕ ಮಂಡಲದ ಹುಡುಗ ಒಂದು ಕಾಗದ ತಂದು ಜಗಲಿಯ ಮೇಲಿಟ್ಟ. ಮಂಡಲದ ವಾರ್ಷಿಕೋತ್ಸವದ ಆಮಂತ್ರಣ. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಇಂಗ್ಲಿಷ್. ವಂಡ್ಸೆಯ ಸುತ್ತಮುತ್ತ ಈಗ ಹೆಚ್ಚಿನ ಆಮಂತ್ರಣಗಳು ಹೀಗೆಯೇ ಇರುತ್ತವೆ. ಬೆಂಗಳೂರು, ಮುಂಬಯಿಗಳಲ್ಲಿ ಹೋಟೆಲು ಮಾಡಿಕೊಂಡು ನೆಲೆಸಿದವರ ಮಕ್ಕಳಿಗೆ ಕನ್ನಡ ಓದಲು ಬರುವುದು ಕಡಿಮೆ. ಅವರಿಗೂ ಊರಿನ ಕರೆ ತಲುಪಬೇಕಲ್ಲ.

ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡ ಕೆಲಸ ಇದು, ಪ್ರೂಫ್ ನೋಡುವುದು. ಕೆಂಪು ಗೆರೆ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಕನ್ನಡಕ ಒರೆಸಿಕೊಂಡು ಕೂರುತ್ತೇನೆ. ಆ ಗೆರೆಗೆ ಗೊತ್ತಿರುವುದು ಒಂದು ಪದ ತನ್ನ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂಬುದಷ್ಟೆ. ಆ ಜಾಗದಲ್ಲಿ ಅದು ಇರಬೇಕಾದ ಪದವೇ ಎಂಬುದು ಅದಕ್ಕೆ ತಿಳಿಯದು. ಕನ್ನಡದಲ್ಲಂತೂ ಇನ್ನೊಂದು ತೊಂದರೆ. ನಮ್ಮ ಪದಗಳು ಪ್ರತ್ಯಯದ ಮೇಲೆ ಪ್ರತ್ಯಯ ಸೇರಿ ಬೆಳೆಯುತ್ತವೆ. 'ಮನೆಯಲ್ಲಿದ್ದವರಿಗೂ' ಎಂಬಂಥ ಸರಿಯಾದ ಪದಕ್ಕೂ ಎಷ್ಟೋ ಸಲ ಗೆರೆ ಬೀಳುತ್ತದೆ. ಊರಿನ, ಮನೆತನದ ಹೆಸರುಗಳಿಗೂ ಅಷ್ಟೇ. ಸರಿಯಿದ್ದರೂ ಗೆರೆ, ತಪ್ಪಿದ್ದರೂ ಗೆರೆ. ಕೊನೆಗೆ ಬೇಸತ್ತು ಅದನ್ನು ಆರಿಸಿಬಿಡುತ್ತಾರೆ. ಆ ಹುಡುಗನ ಪರದೆಯಲ್ಲಿ ಗೆರೆ ಕಾಣದಿದ್ದುದಕ್ಕೆ ಅದೇ ಕಾರಣವಿದ್ದೀತು.

ಆ ಆಮಂತ್ರಣದ ತಲೆಬರಹವೇ 'ಪ್ರಶಸ್ತಿ ಪ್ರಧಾನ ಸಮಾರಂಭ' ಎಂದಿತ್ತು. ಪ್ರದಾನ ಎಂದರೆ ಕೊಡುವುದು, ಪ್ರಧಾನ ಎಂದರೆ ಮುಖ್ಯವಾದದ್ದು. ಎರಡೂ ಒಳ್ಳೆಯ ಪದಗಳೇ, ಆದ್ದರಿಂದ ಪಟ್ಟಿ ನೋಡುವ ಯಂತ್ರ ಇದನ್ನು ಹಿಡಿಯುವುದಿಲ್ಲ. ಗಟ್ಟಿಯಾಗಿ ಓದಿದರೆ ತಪ್ಪು ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಾತು ನಿಜ. ಬಿಟ್ಟುಹೋದ ಪದ, ಎರಡು ಸಲ ಬಂದ ಪದ, ಕರ್ತೃವಿಗೆ ಹೊಂದದ ಕ್ರಿಯಾಪದ, ಇವೆಲ್ಲ ಕಿವಿಗೆ ಕೂಡಲೇ ತಾಗುತ್ತವೆ. ಲ-ಳ, ನ-ಣಗಳ ವ್ಯತ್ಯಾಸವೂ ನಮ್ಮ ಕಡೆಯ ನಾಲಗೆಗೆ ಚೆನ್ನಾಗಿ ಗೊತ್ತು. ಆದರೆ ಮಹಾಪ್ರಾಣವನ್ನು ನಾವು ಮಾತಿನಲ್ಲಿ ಆಡುವುದೇ ಅಪರೂಪ. ಪ್ರದಾನವೂ ಪ್ರಧಾನವೂ ಬಾಯಲ್ಲಿ ಒಂದೇ. ಬಾಯಲ್ಲಿ ಇಲ್ಲದ ವ್ಯತ್ಯಾಸವನ್ನು ಕಿವಿ ಹೇಗೆ ಹಿಡಿದೀತು? ಹಾಗಾಗಿ ಧ, ಭ, ಠ, ಘಗಳಿಗೆ, ಜೊತೆಗೆ ಶ-ಷಗಳಿಗೆ ನಾನು ಬೇರೆಯೇ ಒಂದು ಸುತ್ತು ಇಟ್ಟುಕೊಂಡಿದ್ದೇನೆ. ಆ ಸುತ್ತಿನಲ್ಲಿ ಅರ್ಥ ನೋಡುತ್ತಾ ಓದುವುದಿಲ್ಲ. ಸಾಲಿನ ಕೆಳಗೆ ಅಡಿಕೋಲು ಇಟ್ಟು, ಕೊನೆಯ ಸಾಲಿನಿಂದ ಮೇಲಕ್ಕೆ ಬರುತ್ತಾ, ಆ ಅಕ್ಷರಗಳಿರುವ ಪದಗಳಲ್ಲಿ ಮಾತ್ರ ನಿಲ್ಲುತ್ತೇನೆ. ಕೆಳಗಿನಿಂದ ಬಂದರೆ ಮುಂದಿನ ಮಾತನ್ನು ಮನಸ್ಸು ತಾನಾಗಿ ತುಂಬಿಸಿಕೊಳ್ಳುವುದಿಲ್ಲ, ಬರೆದದ್ದಷ್ಟೇ ಕಾಣುತ್ತದೆ.

ಅಚ್ಚಿನ ತಪ್ಪನ್ನು ನಾವು ಮುದ್ರಾರಾಕ್ಷಸ ಎನ್ನುತ್ತೇವೆ. ವಿಶಾಖದತ್ತನ ಸಂಸ್ಕೃತ ನಾಟಕದ ಹೆಸರು ಅದು. ಅಲ್ಲಿ ರಾಕ್ಷಸ ಎಂಬುದು ನಂದರ ಮಂತ್ರಿಯ ಹೆಸರು, ಮುದ್ರೆ ಎಂದರೆ ಅವನ ಮುದ್ರೆಯುಂಗುರ. ಆ ನಿಷ್ಠಾವಂತ ಮಂತ್ರಿಯನ್ನು ಅಚ್ಚುಕೂಟದ ಭೂತವಾಗಿ ಮಾಡಿದವರು ಯಾರೋ, ಹೆಸರಂತೂ ಚೆನ್ನಾಗಿ ಕೂತಿದೆ.

ಆಮಂತ್ರಣಕ್ಕೆ ಮರಳುತ್ತೇನೆ. ಅದು ಹಿಂದಿನ ವರ್ಷದ ಫೈಲಿನ ಮೇಲೆಯೇ ತಿದ್ದಿ ಮಾಡಿದ್ದು. ಹಳೆಯ ಫೈಲು ಎಂದರೆ ಹಳೆಯ ದಿನಾಂಕ. ಕಾರ್ಯಕ್ರಮ 2024ರ ಫೆಬ್ರವರಿ 18ಕ್ಕೆ. ಹಿಂದಿನ ವರ್ಷವೂ ಫೆಬ್ರವರಿ 18ಕ್ಕೇ ಆಗಿತ್ತು. ಇಸವಿಯನ್ನು ಬದಲಿಸಿದ್ದರು, ವಾರವನ್ನು ಮರೆತಿದ್ದರು. 'ಶನಿವಾರ' ಎಂದೇ ಉಳಿದಿತ್ತು. ವರ್ಷಕ್ಕೆ 365 ದಿನ, ಅಂದರೆ 52 ವಾರದ ಮೇಲೆ ಒಂದು ದಿನ. ಅದೇ ತಾರೀಖು ಮರುವರ್ಷ ವಾರದಲ್ಲಿ ಒಂದು ದಿನ ಮುಂದೆ ಹೋಗುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು. ಇಲ್ಲಿ 29 ಇನ್ನೂ ಬಂದಿರಲಿಲ್ಲ, ಆದ್ದರಿಂದ ಆದಿತ್ಯವಾರ. ಇಷ್ಟು ಲೆಕ್ಕವನ್ನು ಬಾಯಲ್ಲೇ ಮಾಡಬಹುದು. ಆದರೂ ನಾನು ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ.

ಅದಕ್ಕಿಂತ ಸೂಕ್ಷ್ಮವಾದದ್ದು ಸಂವತ್ಸರ. ಕಾಗದದಲ್ಲಿ 'ಶುಭಕೃತ್ ನಾಮ ಸಂವತ್ಸರ' ಎಂದಿತ್ತು. 2023ರ ಫೆಬ್ರವರಿಗೆ ಅದು ಸರಿ. ಆ ವರ್ಷದ ಯುಗಾದಿಗೆ ಶುಭಕೃತ್ ಮುಗಿದು ಶೋಭಕೃತ್ ಬಂದಿತ್ತು. ಒಂದಾದ ಮೇಲೊಂದು ಬರುವ ಎರಡು ಸಂವತ್ಸರಗಳು, ಹೆಸರುಗಳು ಅಕ್ಕತಂಗಿಯರ ಹಾಗೆ. ಒಂದು ಸ್ವರದ ವ್ಯತ್ಯಾಸದಲ್ಲಿ ವರ್ಷವೇ ಬೇರೆಯಾಗುತ್ತದೆ. ಭಾಷೆ ಬಲ್ಲವನೂ ಇಲ್ಲಿ ಜಾರುತ್ತಾನೆ, ಪಂಚಾಂಗ ತೆರೆದವನು ಮಾತ್ರ ಉಳಿಯುತ್ತಾನೆ.

ಇಂಗ್ಲಿಷ್ ಮಗ್ಗುಲಿನಲ್ಲಿ 'ಕೋಸ್ಟಲ್' ಎಂಬುದರೊಳಗಿನ ಮೊದಲ ಎ ಅಕ್ಷರ ಬಿದ್ದುಹೋಗಿತ್ತು. ಆಗ ಅದು ಕರಾವಳಿಯದಲ್ಲ, ಪಕ್ಕೆಲುಬಿಗೆ ಸಂಬಂಧಿಸಿದ್ದು ಎಂಬ ಅರ್ಥದ ಬೇರೆ ಪದ. ನಿಘಂಟಿನಲ್ಲಿ ಇರುವ ಪದವಾದ್ದರಿಂದ ಗೆರೆಯನ್ನು ಆರಿಸದಿದ್ದರೂ ಯಂತ್ರ ಸುಮ್ಮನಿರುತ್ತಿತ್ತು. ಬ್ಯಾಂಕಿನ ಮ್ಯಾನೇಜರರಿಗೂ ಇದೇ ಗತಿ. ಆ ಪದದ ಎರಡನೆಯ ಎ ಬಿದ್ದರೆ ದನಕ್ಕೆ ಹುಲ್ಲು ಹಾಕುವ ಗೋದಲಿ ಆಗುತ್ತದೆ. ಇಂಥ ಪದಗಳನ್ನು ನಾನು ಒಂದು ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಯಾವುದೇ ಕಡತ ಬರಲಿ, `Ctrl+F` ಒತ್ತಿ ಆ ತಪ್ಪು ರೂಪವನ್ನೇ ಹುಡುಕುವುದು. ಸಿಗದಿದ್ದರೆ ಸಂತೋಷ.

ಹುಡುಕುವುದು ಸರಿ, ಒಟ್ಟಿಗೆ ಬದಲಿಸುವುದು ಬೇಡ. ನಾನು ಕೆಂಪು ಶಾಯಿಯಲ್ಲಿ ಗುರುತು ಮಾಡಿ ಕೊಟ್ಟ ಕಾಗದ ಮರುದಿನ ತಿದ್ದಿಕೊಂಡು ಬಂತು. 'ಪ್ರಶಸ್ತಿ ಪ್ರದಾನ' ಸರಿಯಾಗಿತ್ತು. ಕೆಳಗೆ ಮಾತ್ರ 'ಪ್ರದಾನ ಕಾರ್ಯದರ್ಶಿ' ಎಂದಾಗಿತ್ತು! ಎಲ್ಲವನ್ನೂ ಒಮ್ಮೆಗೇ ಬದಲಿಸುವ ಗುಂಡಿ ಒತ್ತಿದ್ದರು, ಸರಿಯಿದ್ದದ್ದೂ ಕೆಟ್ಟಿತು. ಇನ್ನೊಂದು ಕಡೆ ಶನಿವಾರ ಹೋಗಿ ಆದಿತ್ಯವಾರ ಬಂದಿತ್ತು. ಪದ ಉದ್ದವಾಗಿ ಸಾಲು ಮುರಿದು, ಚೌಕಟ್ಟಿನಲ್ಲಿ ಜಾಗ ಸಾಲದೆ 'ಸರ್ವರಿಗೂ ಆದರದ ಸ್ವಾಗತ' ಎಂಬ ಕೊನೆಯ ಸಾಲು ಮರೆಯಾಗಿತ್ತು. ಮೊದಲ ಪ್ರತಿಯನ್ನು ಪಕ್ಕದಲ್ಲಿಟ್ಟು ನೋಡದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ, ಯಾಕೆಂದರೆ ಇಲ್ಲದ ಸಾಲಿನಲ್ಲಿ ತಪ್ಪು ಕಾಣುವುದಿಲ್ಲ. ತಿದ್ದಿದ ಜಾಗದ ಮೇಲಿನ ಸಾಲು, ಕೆಳಗಿನ ಸಾಲು, ಪುಟದ ಕೊನೆ, ಈ ಮೂರನ್ನು ಹೊಸ ಪ್ರತಿಯಲ್ಲಿ ಮತ್ತೆ ನೋಡಲೇಬೇಕು. ತಿದ್ದುವಾಗ ಹುಟ್ಟುವ ತಪ್ಪಿನಷ್ಟು ಅಪಾಯದ್ದು ಬೇರೆ ಇಲ್ಲ, ಅದನ್ನು ಯಾರೂ ಅನುಮಾನಿಸುವುದಿಲ್ಲ.

ಕೊನೆಯ ಸುತ್ತಿಗೆ ಇಬ್ಬರು ಬೇಕು. ಹುಡುಗ ಸಮಿತಿಯವರು ಕೈಯಲ್ಲಿ ಬರೆದುಕೊಟ್ಟ ಪಟ್ಟಿ ಹಿಡಿದು ಓದಿದ, ನಾನು ಪ್ರೂಫಿನ ಮೇಲೆ ಪೆನ್ಸಿಲ್ ಓಡಿಸಿದೆ. ಓದುವವನ ಕೈಯಲ್ಲಿ ಮೂಲವೇ ಇರಬೇಕು. ಪ್ರೂಫನ್ನೇ ಓದಿದರೆ ಬಿಟ್ಟುಹೋದದ್ದು ಬಿಟ್ಟೇ ಹೋಗುತ್ತದೆ. ಹೆಸರುಗಳನ್ನು ಕನ್ನಡದಲ್ಲಿ ದೀರ್ಘ, ಒತ್ತು, ಮಹಾಪ್ರಾಣ ಹೇಳಿಕೊಂಡು, ಇಂಗ್ಲಿಷಿನಲ್ಲಿ ಅಕ್ಷರ ಬಿಡಿಸಿ ಓದಿಸಿದೆ. ಪೂಜಾರಿ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬರು ವೈ ಹಾಕಿ ಮುಗಿಸುತ್ತಾರೆ, ಇನ್ನೊಬ್ಬರು ಐ ಹಾಕಿ. ಅವರವರು ಬರೆದುಕೊಂಡದ್ದೇ ಸರಿ, ನಮ್ಮ ನಿಯಮ ಅಲ್ಲಿ ನಡೆಯದು. ಸನ್ಮಾನಿತರು ಏಳು ಮಂದಿ ಎಂದು ಮೇಲೆ ಇತ್ತು. ಬೆರಳಿಟ್ಟು ಎಣಿಸಿದರೆ ಇಂಗ್ಲಿಷ್ ಕಡೆ ಆರೇ ಹೆಸರು. ಬಿಟ್ಟುಹೋದವರು ನಾಟಿ ಔಷಧಿ ಕೊಡುವ ಒಬ್ಬ ಅಜ್ಜಿ. ಅವರ ಮೊಮ್ಮಕ್ಕಳೆಲ್ಲ ಇಂಗ್ಲಿಷ್ ಮಗ್ಗುಲನ್ನೇ ಓದುವವರು.

ಹೆಸರು ಸೇರಿತು, ಕಾಗದ ಅಚ್ಚಿಗೆ ಹೋಯಿತು. ನೀವೂ ಇಂಥದೊಂದನ್ನು ಅಚ್ಚಿಗೆ ಕಳಿಸುವವರಾದರೆ, ಬೇರೇನೂ ಮಾಡಲು ಪುರುಸೊತ್ತಿಲ್ಲದಿದ್ದರೂ, ಅದರಲ್ಲಿರುವ ಫೋನ್ ನಂಬರನ್ನು ಆ ಪ್ರೂಫ್ ನೋಡಿಯೇ ಒತ್ತಿ ಒಂದು ಕರೆ ಮಾಡಿ. ಆ ಕಡೆ ಎತ್ತಿದವರು ಯಾರು ಎಂದು ಕೇಳಿಕೊಂಡ ಮೇಲೆಯೇ ಸರಿ ಎಂದು ಸಹಿ ಹಾಕಿ.