ಮೂವತ್ತೆಂಟು ಸೆಕೆಂಡಿನ ಮಾರ್ಕೋನಹಳ್ಳಿ

ಕ್ಲಾಸಿನಲ್ಲಿ ಪಿಪಿಟಿ ತೋರಿಸುವಾಗ ನಮಗೊಂದು ಅನುಕೂಲ ಇರುತ್ತೆ. ಎದುರಿಗೆ ಕೂತವರ ಮುಖ ನೋಡಿದರೆ ಸಾಕು, ಅರ್ಥ ಆಯಿತೋ ಇಲ್ಲವೋ ಗೊತ್ತಾಗುತ್ತೆ. ಹುಬ್ಬು ಗಂಟಾದರೆ ಇನ್ನೊಂದು ಸಲ ಹೇಳುತ್ತೇವೆ, ತಲೆ ಆಡಿಸಿದರೆ ಮುಂದಿನ ಸ್ಲೈಡಿಗೆ ಹೋಗುತ್ತೇವೆ. ಆನ್‌ಲೈನ್ ಕೋರ್ಸಿಗೆ ಅಂತ ಧ್ವನಿ ಸೇರಿಸಿ, ತಾನೇ ಓಡುವ ಹಾಗೆ ಬಿಟ್ಟ ಪಿಪಿಟಿಗೆ ಈ ಅನುಕೂಲ ಇಲ್ಲ. ರಾತ್ರಿ ಹನ್ನೊಂದಕ್ಕೆ ಹಾಸ್ಟೆಲಿನ ಮಂಚದ ಮೇಲೆ ಮಲಗಿ ಮೊಬೈಲಿನಲ್ಲಿ ನೋಡುವವನ ಹುಬ್ಬು ಅದಕ್ಕೆ ಕಾಣಿಸೋದಿಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನೋದನ್ನು ಮೊದಲೇ ಬರೆದಿಡಬೇಕು.

ನಾವು ಮೂವರು, ಸಿವಿಲ್‌ನವರು, ಜೂನಿಯರ್‌ಗಳಿಗಾಗಿ ಕನ್ನಡದಲ್ಲಿ ಇಂಥದ್ದೊಂದು ಪಾಠ ಮಾಡಲು ಹೊರಟೆವು. ವಿಷಯ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ. ಶಿಂಷಾ ನದಿಗೆ ಅಡ್ಡಲಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಯೋಜನೆಯಾಗಿ ಬಂದ ಈ ಅಣೆಕಟ್ಟೆಯಲ್ಲಿ ನೋಡಬೇಕಾದದ್ದು ಅದರ ಸೈಫನ್. ಕೆರೆ ತುಂಬಿ ಮಟ್ಟ ಮೀರಿದರೆ ಗೇಟು ಎತ್ತುವವರು ಬೇಕಿಲ್ಲ, ಹೆಚ್ಚಿನ ನೀರು ತಾನೇ ಹೊರಗೆ ಹೋಗುತ್ತೆ. ನೀರಾವರಿ ಪಠ್ಯಗಳಲ್ಲಿ ಗಣೇಶ್ ಅಯ್ಯರ್ ಅವರ ವಾಲ್ಯೂಟ್ ಸೈಫನ್ ಅಂತ ಓದುತ್ತೇವಲ್ಲ, ಅದೇ.

ಇಡೀ ಪಾಠ ಒಂಬತ್ತು ಸ್ಲೈಡು. ಅದರಲ್ಲಿ ಎಂಟು ಸಲೀಸು. ಐದನೆಯದು ಮಾತ್ರ ವಾರಗಟ್ಟಲೆ ಕೂರಿಸಿತು. ಸೈಫನ್ ಹಿಡಿದುಕೊಳ್ಳುವ ಗಳಿಗೆಯನ್ನು, ಅಂದರೆ ಪ್ರೈಮ್ ಆಗೋದನ್ನು, ತೋರಿಸುವ ಸ್ಲೈಡು ಅದು. ಅದರ ಬಗ್ಗೆಯೇ ಈ ಬರಹ.

ಮೊದಲು ಕೆಲಸ ಹೇಗೆ ನಡೆಯುತ್ತೆ ನೋಡೋಣ. ಜಲಾಶಯದೊಳಗೆ ಬಾವಿಯಂಥ ಒಂದು ನೆಟ್ಟನೆಯ ಕೊಳವೆ, ಮೇಲ್ಗಡೆ ಆಲಿಕೆಯ ಹಾಗೆ ಅಗಲವಾದ ಬಾಯಿ. ಆ ಬಾಯಿಯ ಅಂಚು ಇರೋದು ತುಂಬು ಮಟ್ಟದಲ್ಲಿ. ಅದರ ಮೇಲೆ ಮುಚ್ಚಿದ ಹಾಗೆ ಒಂದು ಗುಮ್ಮಟ. ನೀರು ಅಂಚು ದಾಟಿ ಒಳಗೆ ಇಳಿಯುವಾಗ ಬಾಗಿದ ರೆಕ್ಕೆಗಳು ಅದನ್ನು ಸುಳಿಯಾಗಿ ತಿರುಗಿಸುತ್ತವೆ. ಆ ಸುಳಿ ಗುಮ್ಮಟದೊಳಗಿನ ಗಾಳಿಯನ್ನು ತನ್ನ ಜೊತೆ ಕೆಳಗೆ ಎಳೆದೊಯ್ಯುತ್ತದೆ. ಗಾಳಿ ಹೋದಂತೆ ಒತ್ತಡ ಇಳಿಯುತ್ತದೆ, ಹೊರಗಿನ ನೀರು ಒಳಗೆ ಏರುತ್ತದೆ, ಕೊನೆಗೆ ಕೊಳವೆ ಪೂರ್ತಿ ತುಂಬಿ ಹರಿಯುತ್ತದೆ. ಜಲಾಶಯದ ಮಟ್ಟ ಮತ್ತೆ ಇಳಿದಾಗ ಗಾಳಿ ಒಳಗೆ ನುಗ್ಗಿ ಸೈಫನ್ ಕಡಿದುಕೊಳ್ಳುತ್ತದೆ.

ಇಲ್ಲಿ ತಿಳಿಯಬೇಕಾದ ಒಂದೇ ಒಂದು ಮಾತು: ಹರಿವು ನಿಧಾನವಾಗಿ ಹೆಚ್ಚೋದಿಲ್ಲ. ತೆಳ್ಳಗೆ ಜಿನುಗುತ್ತಿದ್ದದ್ದು ಸ್ವಲ್ಪ ಹೊತ್ತಿನಲ್ಲೇ ಪೂರ್ತಿ ಹರಿವಾಗುತ್ತೆ. ಸಾಮಾನ್ಯ ಕೋಡಿಯಲ್ಲಿ ನೀರು ಏರುವುದು ಕಣ್ಣಿಗೆ ಕಾಣುತ್ತೆ, ಇಲ್ಲಿ ಜಿಗಿಯುತ್ತೆ. 2025ರ ಅಕ್ಟೋಬರ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಒಂದು ಕುಟುಂಬದವರು ಇಲ್ಲಿ ನೀರಿಗಿಳಿದಿದ್ದಾಗ, ಸೈಫನ್ ನೀರು ಏಕಾಏಕಿ ಹೆಚ್ಚಿ ಕೊಚ್ಚಿಕೊಂಡು ಹೋದ ಸುದ್ದಿ ನಮ್ಮಲ್ಲಿ ಬಹಳ ಜನ ಓದಿದ್ದೀರಿ. ಹಾಗಾಗಿ ಐದನೇ ಸ್ಲೈಡಿನಲ್ಲಿ ಆ ಜಿಗಿತ ನೋಡುವವನ ಮನಸ್ಸಿಗೆ ಇಳಿಯಲೇಬೇಕು ಅಂತ ತೀರ್ಮಾನಿಸಿದೆವು. ದೊಡ್ಡ ದನಿ, ಭಯಾನಕ ಸಂಗೀತ ಬೇಡ. ನಿಲುಗಡೆಗಳಿಂದಲೇ ಆಗಬೇಕು.

ಹೊತ್ತಿನ ಲೆಕ್ಕದಿಂದ ಶುರು ಮಾಡೋಣ. ಇಂಗ್ಲಿಷಿನಲ್ಲಿ ನಿರೂಪಣೆಗೆ ನಿಮಿಷಕ್ಕೆ ಇಷ್ಟು ಪದ ಅಂತ ಲೆಕ್ಕ ಹಾಕುತ್ತಾರೆ. ಕನ್ನಡಕ್ಕೆ ಅದು ಕೈಕೊಡುತ್ತೆ. ‘ನೀರು’ ಒಂದು ಪದ, ‘ಎಳೆದುಕೊಂಡುಹೋಗುತ್ತಿರುವುದರಿಂದ’ ಕೂಡ ಒಂದೇ ಪದ. ಅದಕ್ಕೇ ನಾವು ಅಕ್ಷರ ಎಣಿಸಿದೆವು. ಒತ್ತಕ್ಷರ ಒಂದು, ಅನುಸ್ವಾರ ಹಿಂದಿನದರ ಜೊತೆ, ಕೊನೆಯ ಅರ್ಧಾಕ್ಷರವೂ ಹಿಂದಿನದರ ಜೊತೆ. ನಮ್ಮಲ್ಲಿ ಧ್ವನಿ ಕೊಡುವವಳು ಆರಾಮಾಗಿ ಓದಿದಾಗ ಸೆಕೆಂಡಿಗೆ ಐದು ಅಕ್ಷರ ಬಂತು. ನಿಮ್ಮ ಓದು ಬೇರೆ ಇರಬಹುದು. ಒಂದು ಪ್ಯಾರಾ ಓದಿ, ಫೋನಿನ ಸ್ಟಾಪ್‌ವಾಚ್ ನೋಡಿ, ಭಾಗಿಸಿಕೊಳ್ಳಿ, ಅಷ್ಟೆ.

ಈ ಲೆಕ್ಕ ಬಂದ ಮೇಲೆ ಸಂಖ್ಯೆಗಳ ಬೆಲೆ ಗೊತ್ತಾಯಿತು. ಜಲಾಶಯದ ಪೂರ್ಣ ಮಟ್ಟ 731.57 ಮೀಟರ್. ಪರದೆ ಮೇಲೆ ಒಂದು ನೋಟಕ್ಕೆ ಸಾಕು. ಬಾಯಲ್ಲಿ ಹೇಳಿದರೆ ‘ಏಳು ನೂರ ಮೂವತ್ತೊಂದು ದಶಾಂಶ ಐದು ಏಳು ಮೀಟರ್’, ಹದಿನೇಳು ಅಕ್ಷರ, ಸುಮಾರು ಮೂರೂವರೆ ಸೆಕೆಂಡು. ಅಷ್ಟು ಹೊತ್ತು ಕೇಳುವವನು ಅಂಕಿ ಹಿಡಿದುಕೊಂಡು ಕೂತರೆ ಚಿತ್ರ ನೋಡೋದಿಲ್ಲ. ಅದಕ್ಕೆ ಅಂಕಿಯನ್ನು ಚಿತ್ರದ ಗೆರೆಯ ಪಕ್ಕ ಬರೆದೆವು, ದನಿಯಲ್ಲಿ ‘ತುಂಬು ಮಟ್ಟ’ ಅಂತಷ್ಟೇ ಇಟ್ಟೆವು.

ಇನ್ನೊಂದು ವಿಷಯ ಕನ್ನಡದ್ದೇ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ‘ಒಳಗಿನ ಬಾಗಿದ ರೆಕ್ಕೆಗಳು ಅದನ್ನು’ ಅನ್ನೋವರೆಗೂ ಕೇಳುವವನಿಗೆ ಏನಾಗುತ್ತೆ ಅಂತ ಗೊತ್ತಿಲ್ಲ. ‘ಸುತ್ತಿಸುತ್ತವೆ’ ಅಂದಮೇಲೇ ಗೊತ್ತಾಗೋದು. ಆದ್ದರಿಂದ ಒಂದು ವಾಕ್ಯಕ್ಕೆ ಎರಡು ಸೂಚನೆ ಬೇಕು. ನಾಮಪದ ಬರುವ ಮುಂಚೆ ಆ ಭಾಗಕ್ಕೆ ಬಣ್ಣ ಬರಬೇಕು, ಎಲ್ಲಿ ನೋಡಬೇಕು ಅನ್ನೋದು ತಿಳಿಯಲಿಕ್ಕೆ. ಚಲನೆ ಮಾತ್ರ ಕ್ರಿಯಾಪದ ಮುಗಿದ ಮೇಲೆ ಶುರುವಾಗಬೇಕು. ವಾಕ್ಯದ ಮೊದಲಲ್ಲೇ ಸುಳಿ ತಿರುಗಿದರೆ, ಕಣ್ಣು ಮುಂದೆ, ಕಿವಿ ಹಿಂದೆ.

ಪುಸ್ತಕದ ಕನ್ನಡವೂ ಇಲ್ಲಿ ನಡೆಯೋದಿಲ್ಲ. ‘ಮಟ್ಟ ಮೀರಿದ ನೀರನ್ನು ಸುತ್ತಿಸಿ ಗಾಳಿಯನ್ನು ಹೊರಗೆಳೆಯುವ ರೆಕ್ಕೆಗಳನ್ನುಳ್ಳ ಗುಮ್ಮಟ’ ಅಂತ ಬರೆದರೆ ವ್ಯಾಕರಣ ಸರಿಯೇ. ಆದರೆ ಯಾವುದರ ಬಗ್ಗೆ ಮಾತು ಅನ್ನೋ ಪದ ಕಟ್ಟಕಡೆಗೆ ಬರುತ್ತೆ. ಓದುವವನು ಹಿಂದಕ್ಕೆ ಹೋಗಿ ಮತ್ತೆ ಓದುತ್ತಾನೆ, ಕೇಳುವವನು ಹೋಗೋದಿಲ್ಲ. ಅದನ್ನೇ ಮೂರು ಸಣ್ಣ ವಾಕ್ಯ ಮಾಡಿದರೆ ನಡುವೆ ನಿಲ್ಲಲು ಜಾಗವೂ ಸಿಗುತ್ತೆ.

ಕೊನೆಗೆ ಐದನೇ ಸ್ಲೈಡಿನ ನಿರೂಪಣೆ ಹೀಗೆ ನಿಂತಿತು. ಚೌಕ ಆವರಣದಲ್ಲಿ ಇರೋದು ನಿಲುಗಡೆಯ ಸೆಕೆಂಡು ಮತ್ತು ಆಗ ಪರದೆಯಲ್ಲಿ ಆಗುವ ಕೆಲಸ.

ನೀರು ತುಂಬು ಮಟ್ಟ ಮುಟ್ಟಿತು. [2, ಮಟ್ಟದ ಗೆರೆ ಮಿನುಗುತ್ತೆ]
ಬಾವಿಯ ಬಾಯಂಚಿನಿಂದ ತೆಳ್ಳಗೆ ಒಳಗೆ ಇಳಿಯುತ್ತಿದೆ. [1, ರೆಕ್ಕೆಗಳಿಗೆ ಬಣ್ಣ]
ಒಳಗಿನ ಬಾಗಿದ ರೆಕ್ಕೆಗಳು ಅದನ್ನು ಸುತ್ತಿಸುತ್ತವೆ. [3, ಸುಳಿ ತಿರುಗುತ್ತೆ]
ಸುತ್ತುವ ನೀರು ಗುಮ್ಮಟದ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. [1, ಗುಳ್ಳೆಗಳು ಕೆಳಗೆ]
ಗಾಳಿ ಖಾಲಿಯಾದಷ್ಟೂ ಒಳಗಿನ ಒತ್ತಡ ಇಳಿಯುತ್ತದೆ. [4, ಗುಮ್ಮಟದಲ್ಲಿ ನೀರು ಏರುತ್ತೆ]
ಈಗ ಇಡೀ ಬಾವಿ ತುಂಬಿ ಹರಿಯುತ್ತದೆ. [2, ಪೂರ್ತಿ ಹರಿವು]
ಯಾರೂ ಗೇಟು ಎತ್ತಿಲ್ಲ. [3, ಚಿತ್ರ ಹಾಗೇ]

ಎಣಿಸಿ ನೋಡಿ: 9, 19, 19, 22, 19, 13, 7. ಒಟ್ಟು 108 ಅಕ್ಷರ, ಐದರಿಂದ ಭಾಗಿಸಿದರೆ ಹೆಚ್ಚುಕಡಿಮೆ 22 ಸೆಕೆಂಡು. ನಿಲುಗಡೆಗಳ ಮೊತ್ತ 16. ಸ್ಲೈಡಿಗೆ 38 ಸೆಕೆಂಡು. ಅಂದರೆ ಹೊತ್ತಿನ ಐದರಲ್ಲಿ ಎರಡು ಪಾಲು ಮೌನ. ಇಡೀ ಪಾಠ ಹೀಗಿದ್ದರೆ ನಿದ್ದೆ ಬರುತ್ತೆ. ಉಳಿದ ಸ್ಲೈಡುಗಳಲ್ಲಿ ಐದು ಪಾಲಿಗೆ ಒಂದಕ್ಕಿಂತ ಹೆಚ್ಚು ಬಿಟ್ಟಿಲ್ಲ.

ಒತ್ತಡದ ವಾಕ್ಯದ ನಂತರದ ನಾಲ್ಕು ಸೆಕೆಂಡೇ ಈ ಸ್ಲೈಡಿನ ಜೀವ. ಅಲ್ಲಿ ನೋಡುವವನು ‘ಮುಂದೇನು’ ಅಂತ ತಾನೇ ಯೋಚಿಸಬೇಕು. ಆದರೆ ಬರೀ ಮೌನ, ಅಲುಗಾಡದ ಚಿತ್ರ, ಎರಡೂ ಸೇರಿದರೆ ನೆಟ್ ನಿಂತುಹೋಯಿತು ಅಂದುಕೊಂಡು ಪರದೆ ಒತ್ತುತ್ತಾನೆ. ಅದಕ್ಕೇ ಆ ಹೊತ್ತಿನಲ್ಲಿ ಗುಮ್ಮಟದ ನೀರು ಮೆಲ್ಲಗೆ ಏರುತ್ತಾ ಇರುತ್ತೆ. ದನಿ ಇಲ್ಲ, ಆದರೂ ಪಾಠ ಓಡುತ್ತಿದೆ ಅಂತ ಗೊತ್ತಾಗುತ್ತೆ.

ನಾಲ್ಕೇ ಯಾಕೆ, ಎರಡು ಸಾಲದೇ ಅಂತ ಕೇಳಬಹುದು. ನಮ್ಮವರು ವಿಡಿಯೋ ನೋಡೋದು ಎಷ್ಟು ವೇಗದಲ್ಲಿ ಅಂತ ನಮಗೆಲ್ಲ ಗೊತ್ತು. ಎರಡು ಪಟ್ಟು ವೇಗದಲ್ಲಿ ಮಾತು ಇನ್ನೂ ಅರ್ಥವಾಗುತ್ತೆ, ಆದರೆ ನಿಲುಗಡೆಯೂ ಅರ್ಧ ಆಗುತ್ತೆ. ನಾಲ್ಕು ಇದ್ದದ್ದು ಎರಡಾಗಿ ಉಳಿಯುತ್ತೆ. ಒಂದು ಸೆಕೆಂಡಿನದು ಬರೀ ಉಸಿರಿನಷ್ಟಾಗಿ ಮಾಯವಾಗುತ್ತೆ. ಮುಖ್ಯವಾದ ನಿಲುಗಡೆಯನ್ನು ವೇಗದ ನೋಟಕ್ಕೂ ಉಳಿಯುವಷ್ಟು ಇಡಬೇಕು, ಉಳಿದವು ಹೋದರೆ ಹೋಗಲಿ.

ರೆಕಾರ್ಡಿಂಗ್ ಪವರ್‌ಪಾಯಿಂಟಿನಲ್ಲೇ. ಅಲ್ಲಿ ದನಿ ಸ್ಲೈಡಿಗೊಂದರಂತೆ ಉಳಿಯುತ್ತೆ, ಹಾಗಾಗಿ ಒಂದು ಸ್ಲೈಡನ್ನು ಮಾತ್ರ ಮತ್ತೆ ರೆಕಾರ್ಡ್ ಮಾಡಬಹುದು. ಆದರೆ ಸ್ಲೈಡು ಬದಲಾಗುವ ಗಳಿಗೆಯಲ್ಲಿ ಆಡಿದ ಮಾತು ದಾಖಲಾಗೋದಿಲ್ಲ. ವಾಕ್ಯದ ಬಾಲ ಕತ್ತರಿಸಿದ ಹಾಗೆ ಕೇಳಿಸಿದರೆ ಕಾರಣ ಇದೇ. ಪ್ರತಿ ಸ್ಲೈಡಿನ ಮೊದಲು, ಕೊನೆ ಒಂದೊಂದು ಸೆಕೆಂಡು ಸುಮ್ಮನಿರೋದು ಒಳ್ಳೇದು. ನಮ್ಮ ಐದನೆಯದರಲ್ಲಿ ಕೊನೆಯ ಮೂರು ಸೆಕೆಂಡು ಆ ಕೆಲಸವನ್ನೂ ಮಾಡುತ್ತೆ. ಚಲನೆಗಳನ್ನು ಸೆಕೆಂಡು ಎಣಿಸಿ ಕಟ್ಟೋದಕ್ಕಿಂತ ಧ್ವನಿಯ ಮೇಲೆ `Add Bookmark` ಗುರುತು ಹಾಕಿ, `Trigger` ನಲ್ಲಿ `On Bookmark` ಕೊಡೋದು ವಾಸಿ. ಓದು ಅರ್ಧ ಸೆಕೆಂಡು ಹಿಂದೆಮುಂದೆ ಆದರೂ ಸುಳಿ ಕ್ರಿಯಾಪದದ ಜೊತೆಗೇ ಇರುತ್ತೆ. ಕೊನೆಗೆ `Transitions` ನಲ್ಲಿ `After` ಎದುರು `00:38` ಇದೆಯೇ, ಪಕ್ಕದ `On Mouse Click` ಗುರುತು ತೆಗೆದಿದೆಯೇ ನೋಡಿಕೊಂಡರೆ ಪಾಠ ತಾನೇ ಓಡುತ್ತೆ.

ಪರೀಕ್ಷೆಗೆ ಮೂರು ಸುತ್ತು ಇಟ್ಟೆವು. ಒಬ್ಬ ಜೂನಿಯರ್‌ಗೆ ದನಿ ಮುಚ್ಚಿ ಚಿತ್ರ ಮಾತ್ರ, ಇನ್ನೊಬ್ಬಳಿಗೆ ಕಣ್ಣು ಮುಚ್ಚಿಸಿ ದನಿ ಮಾತ್ರ, ಮೂರನೆಯವನಿಗೆ ಎರಡು ಪಟ್ಟು ವೇಗದಲ್ಲಿ ಎರಡೂ. ‘ಅರ್ಥ ಆಯ್ತಾ’ ಅಂತ ಕೇಳಲಿಲ್ಲ, ಅದಕ್ಕೆ ಎಲ್ಲರೂ ‘ಹೂಂ’ ಅಂತಾರೆ. ‘ಸೈಫನ್ ಕೆಳಗಡೆ ಮೊಣಕಾಲುದ್ದ ನೀರಲ್ಲಿ ನಿಂತಿದ್ದೀಯ. ಓಡೋಕೆ ಎಷ್ಟು ಟೈಮ್ ಸಿಗುತ್ತೆ?’ ಅಂತ ಕೇಳಿದೆವು.

ಮೂರನೆಯವನು ಸ್ವಲ್ಪ ಸುಮ್ಮನಿದ್ದು ಅಂದ, ‘ಅಣ್ಣಾ, ಅಲ್ಲಿ ನಿಲ್ಲಲೇಬಾರದು.’

ಅವನ ಉತ್ತರವೇ ಒಂಬತ್ತನೇ ಸ್ಲೈಡಿನ ಕೊನೆಯ ಸಾಲಾಯಿತು: ಈಗ ನೀರು ಕಡಿಮೆ ಇದೆ ಅಂತ ಸೈಫನ್ ಕೆಳಗಡೆ ಇಳಿಯಬೇಡಿ. ಅದರ ಮುಂದೆ ಆವರಣದಲ್ಲಿ 4 ಅಂತ ಬರೆದಿದ್ದೇವೆ.