ಕಿರೀಟ ಮುಂದೆ, ಗದೆ ಹಿಂದೆ

ಗ-ಕಾರದ ಕಮಾನಿನೊಳಗೆ ಕೌರವನ ಕಿರೀಟದ ತುದಿ ಹೋಗಿ ಕೂತಾಗ ಆದ ಖುಷಿ ಇನ್ನೂ ಇಳಿದಿಲ್ಲ. ಊರಿನ ಯಕ್ಷಗಾನ ಆಟಕ್ಕೆ ಕ್ಯಾನ್ವಾದಲ್ಲಿ ಪೋಸ್ಟರ್ ಮಾಡುತ್ತಿದ್ದೆ. ಪ್ರಸಂಗ ಗದಾಯುದ್ಧ. ಹೆಸರನ್ನು ಹಾಳೆಯ ಅಡ್ಡಕ್ಕೂ ದಪ್ಪ ಅಕ್ಷರದಲ್ಲಿ ಹರಡಿ, ಹಿನ್ನೆಲೆ ತೆಗೆದ ವೇಷದ ಚಿತ್ರವನ್ನು ಕೆಳಗಿನಿಂದ ಎಬ್ಬಿಸಿ ಎಡಭಾಗದಲ್ಲಿ ನಿಲ್ಲಿಸಿದೆ. ಕಿರೀಟದ ಮೊನೆ ಗ-ದ ಎರಡು ಕಾಲುಗಳ ನಡುವೆ ನುಗ್ಗಿ, ಬಲಗಾಲನ್ನು ಒಂದಿಷ್ಟೇ ಮರೆಮಾಡಿತು. ಗ ಗ-ವಾಗಿಯೇ ಉಳಿಯಿತು. ಕೌರವ ಮಾತ್ರ ಹಾಳೆಯಿಂದ ಒಂದು ಹೆಜ್ಜೆ ಮುಂದೆ ಬಂದು ನಿಂತ.

ಈ ಒಂದು ಹೆಜ್ಜೆಗಾಗಿಯೇ ನಾನು ಪೋಸ್ಟರ್ ಮಾಡುವುದು. ಬಣ್ಣದ ಆಕಾರ, ಅದರ ಮೇಲೆ ಅಕ್ಷರ, ಅದರ ಮೇಲೆ ಮನುಷ್ಯ. ಮೂರೂ ಚಪ್ಪಟೆಯವೇ. ಯಾವುದು ಯಾವುದನ್ನು ಎಷ್ಟು ಮುಚ್ಚುತ್ತದೆ ಎಂಬುದರಿಂದಲೇ ಆಳ ಹುಟ್ಟಬೇಕು.

ಆಟದ ಫೋಟೋಗಳಿಗೆ ಒಂದು ಗುಣವಿದೆ. ರಾತ್ರಿ ತೆಗೆದವು, ಹಿಂದೆ ಕತ್ತಲೆ ಅಥವಾ ಕಡುಬಣ್ಣದ ಪರದೆ. BG Remover ಒತ್ತಿದರೆ ವೇಷ ಕ್ಷಣದಲ್ಲಿ ಬಿಡಿಸಿಕೊಂಡು ಬರುತ್ತದೆ, ಆದರೆ ಅಂಚಿನಲ್ಲಿ ಆ ಕತ್ತಲೆಯ ಒಂದು ಎಳೆ ಅಂಟಿಕೊಂಡೇ ಬರುತ್ತದೆ. ಅಂಥ ವೇಷದ ಹಿಂದೆ ನಿಂಬೆ ಹಳದಿಯ ವೃತ್ತ ಇಟ್ಟು ನೋಡಿ, ಕಿರೀಟದ ಸುತ್ತ ಮಸಿ ಬಳಿದ ಹಾಗೆ ಕಾಣುತ್ತದೆ. ಅದೇ ವೃತ್ತವನ್ನು ಕಡು ಕುಂಕುಮ ಬಣ್ಣಕ್ಕೆ ತಿರುಗಿಸಿದರೆ ಮಸಿ ಅದರೊಳಗೆ ಕರಗಿಹೋಗುತ್ತದೆ. ಅದಕ್ಕೇ ನಾನು ತಲೆಯ ಹಿಂದಿನ ಆಕಾರದ ಬಣ್ಣವನ್ನು ಫೋಟೋದ ಮೂಲ ಹಿನ್ನೆಲೆ ನೋಡಿಯೇ ಆರಿಸುತ್ತೇನೆ. ಹಳದಿ ಬೇಕೇ ಬೇಕೆಂದರೆ ಅದು ಸೊಂಟದ ಕೆಳಗಿನ ಅರ್ಧವೃತ್ತಕ್ಕೆ. ಅಲ್ಲಿ ಬಟ್ಟೆಯ ಅಂಚು ನೇರವಾಗಿರುತ್ತದೆ, ಎಳೆ ಇದ್ದರೂ ಅಳಿಸುವುದು ಸುಲಭ.

ಕತ್ತಲೆಯ ಫೋಟೋದಲ್ಲಿ ಇನ್ನೆರಡು ಕಡೆ ಕಣ್ಣಿಡಬೇಕು. ಕಪ್ಪು ಮೀಸೆ, ಕಪ್ಪು ಕೂದಲು, ಕಡುಬಣ್ಣದ ತೋಳು ಇವೆಲ್ಲ ಹಿನ್ನೆಲೆಯೇ ಎಂದು ಭಾವಿಸಿ ತಂತ್ರಾಂಶ ನುಂಗಿಬಿಡುತ್ತದೆ. Restore ಕುಂಚದಿಂದ ಅವನ್ನು ವಾಪಸು ತರಬೇಕು. ಇನ್ನೊಂದು ಕಡೆ, ಸೊಂಟದ ಮೇಲೆ ಕೈಯಿಟ್ಟು ನಿಂತ ವೇಷದ ತೋಳಿಗೂ ನಡುವಿಗೂ ಮಧ್ಯೆ ಆಗುವ ತ್ರಿಕೋನದಲ್ಲಿ ಹಳೆಯ ಪರದೆಯ ತುಂಡು ಹಾಗೆಯೇ ಉಳಿದಿರುತ್ತದೆ. ಕುಂಕುಮದ ಮೇಲೆ ಅದು ಕಾಣುವುದಿಲ್ಲ, ಅಚ್ಚಾಗಿ ಬಂದ ಮೇಲೆ ಕಾಣುತ್ತದೆ. ನಾನು ವೇಷದ ಕೆಳಗೆ ಕಣ್ಣಿಗೆ ಹೊಡೆಯುವ ಗಿಳಿಹಸಿರಿನ ಒಂದು ಚೌಕವನ್ನು ತಾತ್ಕಾಲಿಕವಾಗಿ ಇಟ್ಟು, ಶೇಕಡಾ 300ಕ್ಕೆ ಹಿಗ್ಗಿಸಿ, ಕಿರೀಟದಿಂದ ಗೆಜ್ಜೆಯವರೆಗೆ ಅಂಚಿನ ಗುಂಟ ಒಂದು ಸುತ್ತು ಬರುತ್ತೇನೆ. ಉಳಿದ ಕಸವೆಲ್ಲ ಆ ಹಸಿರಿನ ಮೇಲೆ ಎದ್ದು ಕಾಣುತ್ತದೆ. Erase ಮಾಡಿ, ಚೌಕ ತೆಗೆದುಹಾಕಿದರೆ ಮುಗಿಯಿತು.

ನಿಜವಾದ ಕೆಲಸ ಶುರುವಾಗುವುದು ಅಕ್ಷರದ ಜೊತೆ. ತಲೆಯಿಂದ ಅಕ್ಷರ ಮುಚ್ಚುವ ಈ ವಿದ್ಯೆಯನ್ನು ಕಲಿಸುವ ವಿಡಿಯೋಗಳಲ್ಲಿ ನಾನು ನೋಡಿದ್ದೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಇಟ್ಟುಕೊಂಡೇ ಪಾಠ ಮಾಡುತ್ತವೆ. ಅಲ್ಲಿ ಪದದ ಕೆಳಗಿನ ಮೂರನೇ ಒಂದು ಭಾಗವನ್ನು ಮುಚ್ಚಿದರೂ ಓದಲು ತೊಂದರೆಯಿಲ್ಲ. ಆ ಪಾಠವನ್ನು ಕನ್ನಡಕ್ಕೆ ಹಾಗೇ ತಂದವರು ಪದವನ್ನೇ ಕೊಲ್ಲುತ್ತಾರೆ. ನಮ್ಮ ಅಕ್ಷರಕ್ಕೆ ಬಿಟ್ಟುಕೊಡಬಹುದಾದ ಅಂಚು ಎಂಬುದೇ ಕಡಿಮೆ. ತಲೆಯ ಮೇಲೆ ಗುಡಿಸು, ಏತ್ವಗಳಿವೆ. ಕಾಲಡಿಯಲ್ಲಿ ಒತ್ತಕ್ಷರವಿದೆ. ದ ಮತ್ತು ಧ, ಡ ಮತ್ತು ಢ ಇವುಗಳ ವ್ಯತ್ಯಾಸವೂ ಅಡಿಯ ಒಂದು ಪುಟ್ಟ ಗೆರೆಯಲ್ಲೇ ಇದೆ. ಬಲಬದಿಯಲ್ಲಿ ದೀರ್ಘವೂ ಕೊಂಬೂ ನೇತಾಡುತ್ತಿರುತ್ತವೆ.

ಗದಾಯುದ್ಧವನ್ನೇ ತೆಗೆದುಕೊಳ್ಳಿ. ದಾ-ದ ಬಲಬದಿ ಮುಚ್ಚಿದರೆ ದೀರ್ಘ ಹೋಗಿ ಗದಯುದ್ಧ ಆಗುತ್ತದೆ. ಯು-ವಿನ ಬಲಬದಿ ಮುಚ್ಚಿದರೆ ಕೊಂಬು ಹೋಗುತ್ತದೆ. ಕೊನೆಯ ದ್ಧ-ದ ಕೆಳಗೆ ಭುಜಕೀರ್ತಿ ತಂದಿಟ್ಟರೆ ಒತ್ತು ಮಾಯವಾಗಿ ಯುದ್ಧವೇ ನಡೆಯುವುದಿಲ್ಲ. ಇಡೀ ಪದದಲ್ಲಿ ಬಿಡುವಿರುವುದು ಗ ಒಂದಕ್ಕೇ. ಅದಕ್ಕೆ ಗುಣಿತವಿಲ್ಲ, ಒತ್ತಿಲ್ಲ, ಕೆಳಗೆ ಬಾಯಿ ತೆರೆದಿದೆ. ಆದ್ದರಿಂದ ಕೌರವ ಎಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸಿದ್ದು ನಾನಲ್ಲ, ಗ-ಕಾರ. ಹೆಚ್ಚಿನವರು ಮೊದಲು ಮನುಷ್ಯನನ್ನು ಹಾಳೆಯ ನಟ್ಟನಡುವೆ ನಿಲ್ಲಿಸಿ, ಆಮೇಲೆ ಅಕ್ಷರವನ್ನು ಅವನ ಹಿಂದೆ ತುರುಕುತ್ತಾರೆ. ಕನ್ನಡದಲ್ಲಿ ಅದು ತಿರುಗುಮುರುಗಾದ ಕ್ರಮ. ಮೊದಲು ಪದ ಬರೆಯಬೇಕು, ಅದರಲ್ಲಿ ಯಾವ ಅಕ್ಷರ ಮುಚ್ಚುವಿಕೆಯನ್ನು ತಾಳಿಕೊಳ್ಳುತ್ತದೆ ಎಂದು ಹುಡುಕಬೇಕು, ಆಮೇಲೆ ಮನುಷ್ಯನನ್ನು ಅಲ್ಲಿಗೆ ಕರೆದುಕೊಂಡು ಬರಬೇಕು.

ಓದಲು ಬರುತ್ತದೋ ಇಲ್ಲವೋ ಎಂಬುದನ್ನು ಪ್ರಸಂಗ ಗೊತ್ತಿರುವವರ ಹತ್ತಿರ ಕೇಳಬೇಡಿ. ಅರ್ಧ ಅಕ್ಷರ ಇಲ್ಲದಿದ್ದರೂ ಅವರ ಬಾಯಲ್ಲಿ ಗದಾಯುದ್ಧ ಎಂದೇ ಬರುತ್ತದೆ. ನಾನು ಪಕ್ಕದ ಮನೆಯ ಮೂರನೇ ತರಗತಿಯ ಹುಡುಗಿಗೆ ಫೋನಿನಲ್ಲಿ ತೋರಿಸುತ್ತೇನೆ. ಅವಳು ಅಕ್ಷರ ಕೂಡಿಸಿ ಓದುತ್ತಾಳೆ. ಅವಳು ತಡೆದು ನಿಂತ ಜಾಗದಲ್ಲಿ ವೇಷವನ್ನು ಸ್ವಲ್ಪ ಕೆಳಗೆ ಸರಿಸುತ್ತೇನೆ.

ಈಗ ಗದೆಯ ವಿಷಯ. ಫೋಟೋದಲ್ಲಿ ಕೌರವ ಗದೆಯನ್ನು ಎತ್ತಿ ಹಿಡಿದಿದ್ದ. ಅದು ಓರೆಯಾಗಿ ಬಲಕ್ಕೆ ಹೋಗಿ ದಾ-ದ ಮೇಲೆಯೇ ಬರುತ್ತಿತ್ತು. ವೇಷವನ್ನು ಅಕ್ಷರದ ಮುಂದಿಟ್ಟರೆ ಗದೆ ದೀರ್ಘವನ್ನು ನುಂಗುತ್ತದೆ, ಹಿಂದಿಟ್ಟರೆ ಕಿರೀಟವೂ ಹಿಂದೆ ಸರಿಯುತ್ತದೆ. ಇಲ್ಲೇ ನನ್ನ ಅತ್ಯಂತ ಪ್ರೀತಿಯ ಉಪಾಯ ಬರುವುದು: ಒಂದೇ ವೇಷದ ಎರಡು ಪ್ರತಿ. ಇಡೀ ವೇಷ ಅಕ್ಷರದ ಕೆಳಗೆ, ಅದರ ತಲೆ ಮಾತ್ರ ಅಕ್ಷರದ ಮೇಲೆ. ನೋಡುವವರಿಗೆ ಕಿರೀಟ ಅಕ್ಷರದ ಮುಂದೆ, ಗದೆ ಅಕ್ಷರದ ಹಿಂದೆ. ಪದ ಅವನ ಮೈಗೆ ಸುತ್ತಿಕೊಂಡ ಹಾಗೆ ಕಾಣುತ್ತದೆ.

ವೇಷವನ್ನು ಆರಿಸಿ Ctrl+D ಒತ್ತಿದರೆ ಪ್ರತಿ ಸ್ವಲ್ಪ ಪಕ್ಕಕ್ಕೆ ಬಂದು ಬೀಳುತ್ತದೆ. ಕೈಯಿಂದ ಎಳೆದು ಹೊಂದಿಸಲು ಹೋದರೆ ಕೂದಲೆಳೆಯಷ್ಟು ತಪ್ಪಿ ಮುಖಕ್ಕೆ ಎರಡೆರಡು ಗೆರೆ ಬರುತ್ತವೆ. Position ಒಳಗಿನ Arrange ಭಾಗದಲ್ಲಿ X ಮತ್ತು Y ಅಂಕಿಗಳಿರುತ್ತವೆ. ಮೊದಲ ಪ್ರತಿಯ ಅಂಕಿಗಳನ್ನೇ ಎರಡನೆಯದಕ್ಕೂ ತುಂಬಿದರೆ ಅದು ಕರಾರುವಾಕ್ಕಾಗಿ ಮೇಲೆ ಕೂರುತ್ತದೆ. ಆಮೇಲೆ ಮೇಲಿನ ಪ್ರತಿಯ ಕೆಳ ಅಂಚಿನ ನಡುವಿನ ಹಿಡಿಯನ್ನು ಎದೆಯವರೆಗೆ ಎಳೆದು ಕತ್ತರಿಸುವುದು. ಹಾಗೆ ಎಳೆದಾಗ ಚಿತ್ರ ಅಲುಗುವುದಿಲ್ಲ, ಚೌಕಟ್ಟು ಮಾತ್ರ ಕಿರಿದಾಗುತ್ತದೆ. ಬಲ ಅಂಚಿನ ಹಿಡಿಯಿಂದ ಗದೆಯನ್ನೂ ಹೊರಗಿಡಬಹುದು. ಗದೆಯ ಬುಡ ಕಿರೀಟದ ಪಕ್ಕಕ್ಕೇ ಬಂದಿದ್ದರೆ ಚೌಕದ ಕತ್ತರಿ ಸಾಲದು. ಮೇಲಿನ ಪ್ರತಿಯಲ್ಲಿ ಮಾತ್ರ ಅದನ್ನು Erase ಕುಂಚದಿಂದ ಒರೆಸಬೇಕು. ಕೊನೆಗೆ Layers ತೆರೆದು ಕ್ರಮ ನೋಡಿಕೊಳ್ಳಿ: ಕೆಳಗಿನಿಂದ ಮೇಲಕ್ಕೆ ಆಕಾರಗಳು, ಇಡೀ ವೇಷ, ಅಕ್ಷರ, ತಲೆ. ಈ ಎರಡನೇ ಪ್ರತಿ ಮಾಡುವುದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಸಮಿತಿಯವರು ದಿನಾಂಕ ಬದಲಿಸಿ, ಜಾಗ ಬದಲಿಸಿ, ಎಲ್ಲವನ್ನೂ ಒಮ್ಮೆ ಸರಿಸಿ ಮುಗಿಯಲಿ. ಅಕ್ಷರದ ಬಣ್ಣ ಹಳದಿ ಬೇಡ, ಗದೆಯ ಬಂಗಾರಕ್ಕೆ ಅಂಟಿಕೊಳ್ಳುತ್ತದೆ. ಬಿಳಿಗೆ ಹತ್ತಿರದ ಕೆನೆಬಣ್ಣದಲ್ಲಿ ಎರಡೂ ಬೇರೆಬೇರೆ ನಿಲ್ಲುತ್ತವೆ.

ಇಷ್ಟು ಮಾಡಿದ ಮೇಲೆ ಯಾರಾದರೂ ಬಂದು ‘ಒಂದು ಶ್ಯಾಡೋ ಕೊಡಿ, ಎದ್ದು ಕಾಣ್ತದೆ’ ಎನ್ನುತ್ತಾರೆ. ಈ ನೆರಳಿನ ಚಟದವರ ಜೊತೆ ನನ್ನ ಜಗಳ ಹಳೆಯದು. ಮೇಲಿನ ತಲೆಗೆ ನೆರಳು ಕೊಟ್ಟರೆ ಅದು ಅಕ್ಷರದ ಮೇಲೆ ಮಾತ್ರ ಬೀಳುವುದಿಲ್ಲ. ಎದೆಯ ಮೇಲೆ ಎಲ್ಲಿ ಕತ್ತರಿಸಿದ್ದೆವೋ ಆ ಅಂಚಿಗೂ ನೆರಳು ಹುಟ್ಟಿ, ಕೆಳಗಿನ ಪ್ರತಿಯ ಎದೆಯ ಮೇಲೆ ಅಡ್ಡಗೆರೆ ಎಳೆಯುತ್ತದೆ. ಒಬ್ಬ ಕೌರವ ಎರಡು ತುಂಡಾಗುತ್ತಾನೆ. ಮುಚ್ಚುವಿಕೆಯೇ ಆಳ ಕೊಟ್ಟ ಮೇಲೆ ನೆರಳಿಗೆ ಅಲ್ಲಿ ಕೆಲಸವಿಲ್ಲ.

ನೆರಳನ್ನಾದರೂ ಕ್ಷಮಿಸಬಹುದು, ಬಿಳಿ ಅಂಚನ್ನು ನನ್ನಿಂದ ಕ್ಷಮಿಸಲಾಗುವುದಿಲ್ಲ. Outline ಎಂಬ ಗುಂಡಿ ಒತ್ತಿ ಪ್ರತಿಯೊಬ್ಬ ಮನುಷ್ಯನ ಸುತ್ತ ದಪ್ಪ ಬಿಳಿ ಗೆರೆ ಹಾಕುವುದು ಈಗ ರೂಢಿಯೇ ಆಗಿದೆ. ಹಲವರು ಅದನ್ನು ಹಾಕುವುದು ಒರಟು ಅಂಚನ್ನು ಮುಚ್ಚಲಿಕ್ಕೆ. ಕುಂಚ ಹಿಡಿದು ಒಂದಿಷ್ಟು ಹೊತ್ತು ಕೂರುವ ಸಹನೆ ಇಲ್ಲದವರ ಕೆಲಸ ಅದು. ಆ ಗೆರೆ ಕಿರೀಟದ ಕನ್ನಡಿ ಚೂರು, ಮಣಿ, ನೂಲಿನ ಕುಚ್ಚು ಎಲ್ಲವನ್ನೂ ಒಂದೇ ಗುಂಡನೆಯ ಮುದ್ದೆ ಮಾಡಿಬಿಡುತ್ತದೆ. ಆಟಕ್ಕೆ ಮುಂಚೆ ಚೌಕಿಯಲ್ಲಿ ತಾಸುಗಟ್ಟಲೆ ಕೂತು ಕಟ್ಟಿಕೊಂಡ ವೇಷವದು. ಅದರ ಅಂಚನ್ನು ಒಂದು ಗುಂಡಿಯಿಂದ ಬೋಳಿಸುವ ಹಕ್ಕು ಯಾರಿಗೂ ಇಲ್ಲ.

ಈ ಬಿಳಿ ಅಂಚು ಯಕ್ಷಗಾನದ ಪೋಸ್ಟರಿಗೆ ಬಂದದ್ದು ರಸ್ತೆ ಬದಿಯ ಫ್ಲೆಕ್ಸುಗಳಿಂದ ಎಂದು ನನಗನ್ನಿಸುತ್ತದೆ. ಅಲ್ಲಿ ಶುಭ ಕೋರುವವರ ಮುಖಗಳನ್ನು ಕತ್ತರಿಸಿ ಸಾಲಾಗಿ ಅಂಟಿಸುತ್ತಾರೆ. ಯಾರ ಮುಖ ದೊಡ್ಡದು, ಯಾರದ್ದು ಯಾರ ಮುಂದೆ ಎಂಬುದರಲ್ಲೇ ಅವರ ಸ್ಥಾನಮಾನ. ಈಗ ಆಟದ ಪೋಸ್ಟರಿಗೂ ಅದೇ ಲೆಕ್ಕ. ‘ಅಣ್ಣ, ಅಧ್ಯಕ್ಷರ ಫೋಟೋ ಸ್ವಲ್ಪ ಮುಂದೆ ತನ್ನಿ ಮಾರಾಯ್ರೆ, ವೇಷ ಹಿಂದೆ ಇದ್ರೂ ಅಡ್ಡಿಲ್ಲ’ ಎಂದು ಸಮಿತಿಯ ಕಾರ್ಯದರ್ಶಿ ಫೋನ್ ಮಾಡಿದರು. ಅಡ್ಡಿ ಇದೆ ಎಂದೆ. ಹಾಳೆಯಲ್ಲಿ ಮುಂದೆ ಬಂದವನೇ ಆ ರಾತ್ರಿಯ ನಾಯಕ ಎಂದು ನೋಡುವವರ ಕಣ್ಣು ತಿಳಿಯುತ್ತದೆ. ಆ ರಾತ್ರಿ ಊರುಭಂಗವಾಗುವುದು ಕೌರವನಿಗೆ, ಅಧ್ಯಕ್ಷರಿಗಲ್ಲ. ಅವರ ಹೆಸರನ್ನು ಕೆಳಗಿನ ಪಟ್ಟಿಯಲ್ಲಿ ಗೌರವದಿಂದ ಅಚ್ಚುಮಾಡಿದೆ, ಫೋಟೋ ಹಾಕಲಿಲ್ಲ.

ಹಳೆಯ ಮೇಳಗಳ ಕರಪತ್ರ ನೋಡಿದವರಿಗೆ ನೆನಪಿರಬಹುದು. ತೆಳ್ಳನೆಯ ಬಣ್ಣದ ಕಾಗದ, ಚಿತ್ರ ಇಲ್ಲ, ಇದ್ದರೂ ಒಂದು ಪುಟ್ಟ ಬ್ಲಾಕು. ಆದರೆ ಹಿಮ್ಮೇಳ ಎಂದು ಬರೆದು ಭಾಗವತರು, ಮದ್ದಳೆ, ಚೆಂಡೆಯವರ ಹೆಸರು, ಮುಮ್ಮೇಳ ಎಂದು ಬರೆದು ವೇಷಧಾರಿಗಳ ಹೆಸರು ತಪ್ಪದೆ ಇರುತ್ತಿತ್ತು. ಜನ ಅದನ್ನು ಓದಿಯೇ ಆಟಕ್ಕೆ ಹೋಗುವುದೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ಈಗ ಚಿತ್ರ ಹಾಳೆ ತುಂಬ ಇದೆ, ಹೆಸರಿಲ್ಲ. ಅಂತರ್ಜಾಲದಲ್ಲಿ ಸಿಕ್ಕಿದ ಯಾವುದೋ ಕಲಾವಿದರ ವೇಷವನ್ನು ಕತ್ತರಿಸಿ ಇನ್ನಾವುದೋ ಮೇಳದ ಆಟದ ಪೋಸ್ಟರಿಗೆ ಅಂಟಿಸಿದ್ದನ್ನು ಕಂಡಿದ್ದೇನೆ. ಹಿನ್ನೆಲೆ ಕತ್ತರಿಸಿದಾಗ ಅವರ ರಂಗಸ್ಥಳವನ್ನು ಹೇಗೂ ತೆಗೆದಿರುತ್ತೇವೆ. ಹೆಸರನ್ನೂ ತೆಗೆದರೆ ಅದು ಕಳ್ಳತನ.

ಪೋಸ್ಟರ್ ಮಾಡುವ ಗೆಳೆಯರಲ್ಲಿ ಒಂದೇ ಕೋರಿಕೆ. ಯಾರ ವೇಷವನ್ನು ಕತ್ತರಿಸಿ ನಿಲ್ಲಿಸುತ್ತೀರೋ ಅವರನ್ನು ಕೇಳಿಯೇ ನಿಲ್ಲಿಸಿ. ಅವರ ಹೆಸರನ್ನೂ ಫೋಟೋ ತೆಗೆದವರ ಹೆಸರನ್ನೂ ಅದೇ ಹಾಳೆಯಲ್ಲಿ, ಯಾವ ಆಕಾರವೂ ಯಾವ ಮುಖವೂ ಮುಚ್ಚದ ಜಾಗದಲ್ಲಿ, ಕೈಯಳತೆ ದೂರದಿಂದ ಓದಲು ಬರುವಷ್ಟು ದೊಡ್ಡದಾಗಿ ಹಾಕಿ.